ಇಳಿಸಿಕೊಳ್ಳುವ ಅನುಮತಿ ಮತ್ತು ಅಂಚಿನ ಮುದ್ರೆ

ಇನ್‌ಸ್ಟಾಗ್ರಾಮಿನಲ್ಲಿ ಯಾವುದೋ ಒಂದು ರೀಲನ್ನು ನೋಡಿ ಮೆಚ್ಚಿದವರು, ಅದನ್ನು ತಮ್ಮ ಫೋನಿನಲ್ಲಿಯೇ ಇರಿಸಿಕೊಳ್ಳಬೇಕೆಂಬ ಅಪೇಕ್ಷೆಯಿಂದ ಕಾಗದದ ವಿಮಾನದಂತಿರುವ ಹಂಚಿಕೆಯ ಚಿಹ್ನೆಯನ್ನು ಒತ್ತಿದಾಗ, ಕೆಳಗಿನಿಂದ ಮೇಲೆದ್ದು ಬರುವ ಪಟ್ಟಿಯಲ್ಲಿ ಒಮ್ಮೆ Download ಎಂಬ ಗುಂಡಿ ಕಾಣಿಸಿಕೊಳ್ಳುತ್ತದೆ. ಮತ್ತೊಂದು ರೀಲಿಗೆ ಹೋಗಿ ಅದೇ ಚಿಹ್ನೆಯನ್ನು ಒತ್ತಿದರೆ ಆ ಗುಂಡಿ ಇದ್ದ ಸ್ಥಳವೇ ಬರಿದಾಗಿರುತ್ತದೆ. ಇದನ್ನು ಕಂಡು ತಮ್ಮ ಫೋನು ಕೆಟ್ಟಿತೆಂದು ಭಾವಿಸಿ ಅಂಗಡಿಗೆ ಒಯ್ದವರನ್ನು ನಾನು ಬಲ್ಲೆ. ಆಪ್ ಹಳೆಯದಾಯಿತೆಂದು ಅಳಿಸಿ ಮತ್ತೆ ಹಾಕಿಕೊಂಡವರೂ ಉಂಟು. ಫೋನಿನಲ್ಲಿಯಾಗಲಿ ಆಪಿನಲ್ಲಿಯಾಗಲಿ ದೋಷವೇನೂ ಇಲ್ಲ. ಆ ರೀಲನ್ನು ಪ್ರಕಟಿಸಿದವರು, ಅಪರಿಚಿತರು ತಮ್ಮ ದೃಶ್ಯವನ್ನು ಇಳಿಸಿಕೊಳ್ಳುವುದು ಬೇಡವೆಂದು ತಮ್ಮ ಖಾತೆಯಲ್ಲಿ ನಿರ್ಧರಿಸಿದ್ದಾರೆ, ಅಥವಾ ಅವರ ಪರವಾಗಿ ಆ ಸಂಸ್ಥೆಯೇ ನಿರ್ಧರಿಸಿದೆ, ಇಷ್ಟೇ ಸಂಗತಿ. ಆದರೆ ಈ ನಿರ್ಧಾರವು ಏನನ್ನು ತಡೆಯುತ್ತದೆ, ಏನನ್ನು ತಡೆಯಲಾರದು ಎಂಬ ವಿಷಯದಲ್ಲಿ ನೋಡುವವರಲ್ಲಿಯೂ ಮಾಡುವವರಲ್ಲಿಯೂ ಸಮಾನವಾದ ಭ್ರಾಂತಿಯೊಂದು ನೆಲೆಸಿರುವುದರಿಂದ, ಅದನ್ನು ಕೊಂಚ ನಿಧಾನವಾಗಿಯೇ ಬಿಡಿಸಿ ನೋಡಬೇಕಾಗಿದೆ.

ಮೊದಲಿಗೆ, ಉಳಿಸಿಕೊಳ್ಳುವುದೆಂಬ ಒಂದೇ ಮಾತಿನಡಿಯಲ್ಲಿ ಅಡಗಿರುವ ಎರಡು ಭಿನ್ನ ಕ್ರಿಯೆಗಳನ್ನು ಬೇರ್ಪಡಿಸುವುದು ಅವಶ್ಯಕ. ರೀಲಿನ ಮಗ್ಗುಲಲ್ಲಿ, ಪುಸ್ತಕದ ನಡುವೆ ಇರಿಸುವ ಪಟ್ಟಿಯ ಆಕಾರದಲ್ಲಿ, Save ಎಂಬ ಚಿಹ್ನೆಯಿರುತ್ತದೆ. ಅದನ್ನು ಒತ್ತಿದಾಗ ದೃಶ್ಯವು ನಮ್ಮ ಫೋನಿಗೆ ಬಂದು ಸೇರುವುದಿಲ್ಲ, ಅದು ಎಲ್ಲಿದೆಯೆಂಬ ಗುರುತು ಮಾತ್ರ ನಮ್ಮ ಖಾತೆಯಲ್ಲಿ ದಾಖಲಾಗುತ್ತದೆ. ಪ್ರಕಟಿಸಿದವರು ನಾಳೆ ಅದನ್ನು ಅಳಿಸಿದರೆ, ಅಥವಾ ತಮ್ಮ ಖಾತೆಯನ್ನು ಖಾಸಗಿಯಾಗಿ ಮಾರ್ಪಡಿಸಿದರೆ, ಆ ಗುರುತು ತೋರಿಸುವ ಸ್ಥಳದಲ್ಲಿ ನಮ್ಮ ಪಾಲಿಗೆ ಏನೂ ಉಳಿದಿರುವುದಿಲ್ಲ. ಮದುವೆಯ ಸೀರೆಯ ಕುಚ್ಚು ಕಟ್ಟುವ ಕ್ರಮವನ್ನೋ, ಬೋರ್‌ವೆಲ್ ಮೋಟರಿನ ಸ್ಟಾರ್ಟರನ್ನು ಬಿಚ್ಚುವ ಬಗೆಯನ್ನೋ ಹೀಗೆ ಉಳಿಸಿಕೊಂಡು, ಬೇಕಾದ ದಿನ ತೆರೆದು ನೋಡಿ ನಿರಾಶರಾದವರು ಕಡಮೆಯೇನಲ್ಲ. ಇದಕ್ಕೆ ಪ್ರತಿಯಾಗಿ Download ಎಂಬ ಗುಂಡಿಯನ್ನು ಒತ್ತಿದಾಗ ದೃಶ್ಯದ ಒಂದು ಸ್ವತಂತ್ರ ಪ್ರತಿಯೇ ನಿರ್ಮಾಣವಾಗಿ ನಮ್ಮ ಗ್ಯಾಲರಿಯೊಳಗೆ ಬಂದು ಕುಳಿತುಕೊಳ್ಳುತ್ತದೆ. ಆಮೇಲೆ ಮೂಲವು ಇದ್ದರೂ ಅಳಿದರೂ ಆ ಪ್ರತಿಗೆ ಬಾಧಕವಿಲ್ಲ. ಈ ಎರಡನೆಯ ಕ್ರಿಯೆಗೆ ಮಾತ್ರವೇ ಪ್ರಕಟಿಸಿದವರ ಅನುಮತಿ ಬೇಕಾಗಿರುವುದು.

ಈ ಅನುಮತಿಯ ವ್ಯವಸ್ಥೆ ಇನ್‌ಸ್ಟಾಗ್ರಾಮಿನ ರೀಲ್ಸಿಗಿಂತ ಹಳೆಯದು. ಕಿರುದೃಶ್ಯಗಳನ್ನು ಇಳಿಸಿಕೊಂಡು ಬೇರೆಡೆಗೆ ಒಯ್ಯುವ ಅಭ್ಯಾಸವನ್ನು ನಮ್ಮ ಜನಕ್ಕೆ ಕಲಿಸಿದ್ದು ಟಿಕ್‌ಟಾಕ್. 2020ನೆಯ ಇಸವಿ ಜೂನ್ 29ರಂದು ಭಾರತ ಸರ್ಕಾರವು ಇತರ ಆಪುಗಳೊಡನೆ ಅದನ್ನೂ ನಿಷೇಧಿಸುವವರೆಗೆ, ವಾಟ್ಸಾಪಿನಲ್ಲಿ ಬಂದು ಬೀಳುತ್ತಿದ್ದ ಹಾಸ್ಯದ ತುಣುಕುಗಳಲ್ಲಿ ಅನೇಕವುಗಳ ಮೇಲೆ ಅದರ ಸಂಗೀತಚಿಹ್ನೆಯೂ, ಅದರ ಕೆಳಗೆ @ ಗುರುತಿನಿಂದ ಆರಂಭವಾಗುವ ಖಾತೆಯ ಹೆಸರೂ, ಒಮ್ಮೆ ಒಂದು ಮೂಲೆಯಲ್ಲಿ ಮತ್ತೊಮ್ಮೆ ಇನ್ನೊಂದು ಮೂಲೆಯಲ್ಲಿ ಕಾಣಿಸಿಕೊಳ್ಳುತ್ತಿದ್ದುದನ್ನು ಓದುಗರು ನೆನೆಯಬಹುದು. ಆ ನಿಷೇಧದ ಮರುತಿಂಗಳಲ್ಲಿಯೇ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸನ್ನು ಆರಂಭಿಸಿತಾದರೂ, ಪರರ ರೀಲನ್ನು ಫೋನಿಗೆ ಇಳಿಸಿಕೊಳ್ಳುವ ಗುಂಡಿಯನ್ನು ಅದು ಮೂರು ವರ್ಷಗಳವರೆಗೆ ಕೊಡಲೇ ಇಲ್ಲ. 2023ರ ಜೂನಿನಲ್ಲಿ ಅಮೆರಿಕೆಯವರಿಗೆ ಮೊದಲು ಕೊಟ್ಟು, ಅದೇ ವರ್ಷದ ನವೆಂಬರಿನಲ್ಲಿ ಉಳಿದ ದೇಶಗಳಿಗೂ ವಿಸ್ತರಿಸಿತು. ಸಾರ್ವಜನಿಕ ಖಾತೆಗಳ ರೀಲುಗಳಿಗೆ ಮಾತ್ರ ಈ ಸೌಲಭ್ಯ. ಹೀಗೆ ಇಳಿದ ಪ್ರತಿಯ ಮೇಲೆ ಇನ್‌ಸ್ಟಾಗ್ರಾಮಿನ ಚಿಹ್ನೆಯೂ ಪ್ರಕಟಿಸಿದವರ ಖಾತೆಯ ಹೆಸರೂ ಅಚ್ಚಾಗಿರುತ್ತವೆ.

ಅಚ್ಚಾಗಿರುತ್ತವೆ ಎಂದೆ, ಇದನ್ನು ಸ್ವಲ್ಪ ಸಮೀಪದಿಂದ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನ ಎಲ್ಲ ವಿಚಾರವೂ ಈ ಒಂದು ಸಂಗತಿಯ ಮೇಲೆ ನಿಂತಿದೆ. ನಾವು ಆಪಿನೊಳಗೆ ರೀಲನ್ನು ನೋಡುತ್ತಿರುವಾಗ ಕಾಣುವ ಹೃದಯದ ಚಿಹ್ನೆ, ಖಾತೆಯ ಹೆಸರು, ಹಾಡಿನ ಹೆಸರು ಇವಾವುವೂ ದೃಶ್ಯದ ಅಂಗಗಳಲ್ಲ. ಅವು ದೃಶ್ಯದ ಮೇಲೆ ಆಪು ಪ್ರತ್ಯೇಕವಾಗಿ ಬರೆದು ತೋರಿಸುವ ಪದರ. ಅದರ ಹಿಂದೆ ಓಡುತ್ತಿರುವ ದೃಶ್ಯವು ಶುದ್ಧವಾಗಿಯೇ ಇರುತ್ತದೆ, ಅದರಲ್ಲಿ ಯಾವ ಮುದ್ರೆಯೂ ಇರುವುದಿಲ್ಲ. Download ಎಂಬ ಗುಂಡಿಯನ್ನು ಒತ್ತಿದ ಬಳಿಕವೇ, ಗ್ಯಾಲರಿಗೆ ಸೇರಬೇಕಾದ ಪ್ರತಿಯ ಒಂದೊಂದು ಚೌಕಟ್ಟಿನ ಮೇಲೆಯೂ ಚಿಹ್ನೆಯನ್ನೂ ಹೆಸರನ್ನೂ ಬರೆದು, ಅವು ಬಣ್ಣದ ಚುಕ್ಕೆಗಳೊಡನೆ ಬೆರೆತು ಹೋಗುವಂತೆ ಹೊಸದಾಗಿ ದೃಶ್ಯವನ್ನು ಕಟ್ಟಲಾಗುತ್ತದೆ. ಗುಂಡಿಯನ್ನು ಒತ್ತಿದಾಗ ಕೆಲವು ಕ್ಷಣ ಸುತ್ತುತ್ತಿರುವ ವೃತ್ತವೊಂದು ಕಾಣಿಸಿಕೊಳ್ಳುವುದಕ್ಕೆ ಈ ಕೆಲಸವೂ ಒಂದು ಕಾರಣ. ಆದುದರಿಂದ ವಾಟರ್‌ಮಾರ್ಕ್ ಎಂಬುದು ಮೂಲದ ಸ್ವಭಾವವಲ್ಲ. ಅದು ರಾಜಮಾರ್ಗವಾಗಿ ಹೊರಬಂದ ಪ್ರತಿಗೆ ಬಾಗಿಲಲ್ಲಿ ಒತ್ತಿ ಕಳಿಸಿದ ಮುದ್ರೆ. ಬೇರೆ ದಾರಿಯಿಂದ ಹೊರಬಿದ್ದ ಪ್ರತಿಗೆ ಈ ಮುದ್ರೆ ಬೀಳುವ ಪ್ರಸಂಗವೇ ಇಲ್ಲ.

ಈ ಮುದ್ರೆಯು ಯಾರ ಹಿತಕ್ಕಾಗಿ ಎಂದು ಕೇಳಿದರೆ, ಮೊದಲ ಉತ್ತರ ಸಂಸ್ಥೆಯ ಹಿತಕ್ಕಾಗಿ ಎಂಬುದೇ. ಟಿಕ್‌ಟಾಕಿನ ಚಿಹ್ನೆ ಮೂಲೆಯಿಂದ ಮೂಲೆಗೆ ಹಾರುತ್ತಿದ್ದುದು ಅಲಂಕಾರಕ್ಕಾಗಿ ಅಲ್ಲ; ಒಂದೇ ಮೂಲೆಯಲ್ಲಿ ನಿಂತಿದ್ದರೆ ಆ ಅಂಚನ್ನು ಕತ್ತರಿಸಿ ಚಿಹ್ನೆಯನ್ನು ನೀಗಿಕೊಳ್ಳುವುದು ಸುಲಭವಾಗುತ್ತಿತ್ತು. ಹಾಗೆ ಹಾರಾಡುತ್ತ ಅದು ವಾಟ್ಸಾಪ್, ಫೇಸ್‌ಬುಕ್, ಕಡೆಗೆ ತನ್ನ ಪ್ರತಿಸ್ಪರ್ಧಿಯಾದ ಇನ್‌ಸ್ಟಾಗ್ರಾಮಿನೊಳಗೂ ಬಿಟ್ಟಿ ಜಾಹೀರಾತಾಗಿ ಸಂಚರಿಸಿತು. ಇದನ್ನು ಸಹಿಸದ ಇನ್‌ಸ್ಟಾಗ್ರಾಮ್ 2021ರ ಫೆಬ್ರವರಿಯಲ್ಲಿ, ಬೇರೆ ಆಪುಗಳ ಚಿಹ್ನೆ ಎದ್ದು ಕಾಣುವ ರೀಲುಗಳನ್ನು ತಾನು ಜನರ ಮುಂದೆ ಅಷ್ಟಾಗಿ ತರುವುದಿಲ್ಲವೆಂದು ಸಾರಿತು. ಯೂಟ್ಯೂಬ್ ಕೂಡ 2022ರ ಆಗಸ್ಟಿನಿಂದ, ಶಾರ್ಟ್ಸನ್ನು ತಯಾರಿಸಿದವರು ತಮ್ಮದೇ ಶಾರ್ಟನ್ನು ಇಳಿಸಿಕೊಂಡರೂ ಅದರ ಮೇಲೆ ತನ್ನ ಮುದ್ರೆ ಬೀಳುವಂತೆ ಮಾಡತೊಡಗಿತು. ತನ್ನ ಮನೆಯ ಮುದ್ರೆ ಊರೆಲ್ಲ ಮೆರೆಯಬೇಕು, ಪರರ ಮುದ್ರೆ ತನ್ನ ಹೊಸ್ತಿಲೊಳಗೆ ಬರಬಾರದು ಎಂಬ ಈ ಉಭಯನೀತಿಯನ್ನು ಗಮನಿಸಿದರೆ, ಖಾತೆಯ ಹೆಸರು ಅಲ್ಲಿ ಸೇರಿಕೊಂಡಿರುವುದು ಸಂಸ್ಥೆಯ ಔದಾರ್ಯದಿಂದ ಎಂದು ಭಾವಿಸಲು ಮನಸ್ಸು ಬಾರದು. ಅದೇನೇ ಇರಲಿ, ಸ್ವಾರ್ಥದಿಂದ ಹುಟ್ಟಿದ ಈ ಏರ್ಪಾಡಿನಿಂದ ದೃಶ್ಯವನ್ನು ಮಾಡಿದವರ ಹೆಸರು ಪ್ರತಿಯೊಡನೆ ದೂರದವರೆಗೆ ಪ್ರಯಾಣ ಮಾಡುತ್ತದೆಂಬುದು ಮಾತ್ರ ನಿಜ.

ಇನ್ನು ಅನುಮತಿಯನ್ನು ಹಿಂತೆಗೆದುಕೊಳ್ಳುವ ಕ್ರಮ. ಇನ್‌ಸ್ಟಾಗ್ರಾಮಿನಲ್ಲಿ ತಮ್ಮ ಪುಟಕ್ಕೆ ಹೋಗಿ, ಮೇಲ್ತುದಿಯ ಮೂರು ಗೆರೆಗಳನ್ನು ಒತ್ತಿ, Settings and activity ಎಂಬಲ್ಲಿಗೆ ಬಂದು, ಅಲ್ಲಿಂದ Sharing and reuse ಎಂಬ ವಿಭಾಗವನ್ನು ಪ್ರವೇಶಿಸಿದರೆ, ರೀಲುಗಳನ್ನು ಇತರರು ಇಳಿಸಿಕೊಳ್ಳಲು ಬಿಡಬೇಕೇ ಎಂದು ಕೇಳುವ ಸ್ವಿಚ್ಚೊಂದು ಕಾಣುತ್ತದೆ. ಆಪಿನ ಆವೃತ್ತಿ ಬದಲಾದಂತೆ ಈ ವಿಭಾಗದ ಹೆಸರು ಅಲ್ಪಸ್ವಲ್ಪ ಬೇರೆಯಾಗುವುದುಂಟು. ಆ ಸ್ವಿಚ್ಚನ್ನು ಆರಿಸಿದೊಡನೆ ಆ ಖಾತೆಯ ರೀಲುಗಳ ಹಂಚಿಕೆಯ ಪಟ್ಟಿಯಿಂದ Download ಗುಂಡಿ ಮಾಯವಾಗುತ್ತದೆ. ಎಲ್ಲ ರೀಲುಗಳಿಗೂ ಈ ನಿಯಮವನ್ನು ಅನ್ವಯಿಸುವ ಇಚ್ಛೆಯಿಲ್ಲದವರು, ಒಂದೊಂದು ರೀಲನ್ನು ಪ್ರಕಟಿಸುವ ಮುನ್ನ ಬರುವ ಕೊನೆಯ ಪುಟದ ಹೆಚ್ಚುವರಿ ಆಯ್ಕೆಗಳಲ್ಲಿ ಆ ರೀಲಿಗೆ ಸೀಮಿತವಾಗಿ ನಿರ್ಧರಿಸಿಕೊಳ್ಳಬಹುದು. ಹದಿನೆಂಟು ವರ್ಷ ತುಂಬದವರ ಸಾರ್ವಜನಿಕ ಖಾತೆಗಳಲ್ಲಿ ಈ ಸ್ವಿಚ್ಚು ಆರಂಭದಿಂದಲೇ ಆರಿರುತ್ತದೆ, ಬೇಕೆಂದವರು ತಾವಾಗಿ ಹೊತ್ತಿಸಿಕೊಳ್ಳಬೇಕು. ಟಿಕ್‌ಟಾಕ್ ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು: ಅದು ಚಾಲ್ತಿಯಲ್ಲಿರುವ ದೇಶಗಳಲ್ಲಿ, 2021ರ ಜನವರಿಯಿಂದೀಚೆಗೆ, ಹದಿನಾರು ವರ್ಷದೊಳಗಿನವರ ದೃಶ್ಯಗಳನ್ನು ಯಾರೂ ಗುಂಡಿಯ ಮೂಲಕ ಇಳಿಸಿಕೊಳ್ಳುವಂತಿಲ್ಲ. ಗಲ್ಫ್ ದೇಶಗಳಲ್ಲಿಯೋ ಅಮೆರಿಕೆಯಲ್ಲಿಯೋ ಇದ್ದುಕೊಂಡು ಅಲ್ಲಿ ಟಿಕ್‌ಟಾಕ್ ಬಳಸುವ ಕನ್ನಡಿಗರಿಗೆ ಇದೇ ಸ್ವಿಚ್ಚು Privacy ವಿಭಾಗದ Downloads ಎಂಬಲ್ಲಿ ಸಿಕ್ಕುತ್ತದೆ.

ಈ ಸ್ವಿಚ್ಚಿನ ಶಕ್ತಿ ಎಷ್ಟೆಂಬುದನ್ನು ನಮ್ಮ ಮನೆಯ ಒಂದು ಪ್ರಸಂಗದಿಂದ ಹೇಳುವುದು ಲೇಸು. ಶಿರಸಿಯ ಸೀಮೆಯಲ್ಲಿರುವ ನಮ್ಮ ಅತ್ತಿಗೆಯವರು ಅಡುಗೆಯ ಕಿರುದೃಶ್ಯಗಳನ್ನು ತಯಾರಿಸುವ ಹವ್ಯಾಸವುಳ್ಳವರು. ಅಪ್ಪೆಮಿಡಿಯ ಅಪ್ಪೆಹುಳಿಯನ್ನು ಮಾಡುವ ಬಗೆಯನ್ನು, ಮಾವನ್ನು ಬೇಯಿಸಿ ಕಿವುಚುವಲ್ಲಿಂದ ಹಿಡಿದು ಇಂಗು, ಸಾಸಿವೆ, ಸೂಜಿಮೆಣಸುಗಳ ಒಗ್ಗರಣೆ ಚುರ್ರೆನ್ನುವವರೆಗೆ, ಒಂದು ನಿಮಿಷಕ್ಕೂ ಕಡಮೆ ಅವಧಿಯಲ್ಲಿ ಅಡಕಮಾಡಿ, ತಮ್ಮದೇ ದನಿಯಲ್ಲಿ ಹವ್ಯಕ ಮಾತಿನಲ್ಲಿ ವಿವರಣೆ ಕೊಟ್ಟು, ಕೆಳಗಡೆ ಕನ್ನಡದ ಅಕ್ಷರಗಳಲ್ಲಿ ಸಾಮಗ್ರಿಗಳ ಹೆಸರನ್ನೂ ಬರೆದು ಅವರು ಪ್ರಕಟಿಸಿದ ರೀಲೊಂದು, ಮಾವಿನ ಕಾಲವಾದುದರಿಂದಲೋ ಏನೋ, ನಿರೀಕ್ಷೆಗೆ ಮೀರಿ ಹರಡಿತು. ಹರಡಿದ ವೇಗವನ್ನು ಕಂಡು ಕೊಂಚ ಗಾಬರಿಗೊಂಡ ಅವರು ಕೆಲವೇ ದಿನಗಳಲ್ಲಿ ಇಳಿಸಿಕೊಳ್ಳುವ ಅನುಮತಿಯನ್ನು ಆರಿಸಿದರು. ಆಮೇಲೂ ಆ ದೃಶ್ಯವು ಬಂಧುಗಳ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಿಬಂದು ಅವರ ಫೋನಿಗೇ ಬಂದು ತಲುಪಿತು. “ಬಂದ್ ಮಾಡಿಟ್ಟಿದ್ದಿ ತಮಾ, ಆದ್ರೂ ಇದು ಹ್ಯಾಂಗೆ ಹೋತು?” ಎಂದು ಅವರು ನನ್ನನ್ನು ಕೇಳಿದಾಗ, ಬಂದ ಪ್ರತಿಗಳನ್ನೆಲ್ಲ ನನಗೆ ಕಳಿಸಿರೆಂದೆ. ಅವುಗಳನ್ನು ಒಂದರ ಪಕ್ಕಕ್ಕೊಂದು ಇಟ್ಟು ನೋಡಿದಾಗ ಒಂದೊಂದು ಪ್ರತಿಯೂ ತಾನು ಬಂದ ದಾರಿಯನ್ನು ತಾನೇ ಹೇಳಿಕೊಳ್ಳುತ್ತಿತ್ತು.

ಮೊದಲನೆಯ ಪ್ರತಿಯ ಮೇಲೆ ಇನ್‌ಸ್ಟಾಗ್ರಾಮಿನ ಚಿಹ್ನೆಯೂ ಅತ್ತಿಗೆಯವರ ಖಾತೆಯ ಹೆಸರೂ ಸ್ಪಷ್ಟವಾಗಿದ್ದವು. ಎಂದಮೇಲೆ ಅದು ಸ್ವಿಚ್ಚನ್ನು ಆರಿಸುವ ಮೊದಲೇ, ನ್ಯಾಯವಾದ ಗುಂಡಿಯ ಮೂಲಕವೇ ಇಳಿದ ಪ್ರತಿ. ಸ್ವಿಚ್ಚು ಮುಂದಿನದನ್ನು ತಡೆಯಬಲ್ಲುದೇ ಹೊರತು ಹಿಂದಿನದನ್ನು ಹಿಂದಕ್ಕೆ ಕರೆಯಲಾರದು. ಒಬ್ಬರ ಗ್ಯಾಲರಿಗೆ ಸೇರಿಹೋದ ಕಡತದ ಮೇಲೆ ಆಪಿಗೆ ಯಾವ ಅಧಿಕಾರವೂ ಉಳಿದಿರುವುದಿಲ್ಲ. ಯಾರು ಇಳಿಸಿಕೊಂಡರೆಂಬ ಸುದ್ದಿಯನ್ನೂ ಇನ್‌ಸ್ಟಾಗ್ರಾಮ್ ಪ್ರಕಟಿಸಿದವರಿಗೆ ತಿಳಿಸುವುದಿಲ್ಲ.

ಎರಡನೆಯ ಪ್ರತಿ ನೋಡಲು ವಿಚಿತ್ರವಾಗಿತ್ತು. ಮುದ್ರೆಯಿಲ್ಲ, ಆದರೆ ಬಲಬದಿಯಲ್ಲಿ ಹೃದಯದ ಚಿಹ್ನೆ, ತಲೆಯ ಮೇಲೆ ಗಂಟೆ, ಬ್ಯಾಟರಿಗಳ ಸಾಲು, ಆರಂಭದಲ್ಲಿ ಯಾರದೋ ಬೆರಳು ಪರದೆಯನ್ನು ಎಳೆದಾಗ ಆಗುವ ಜಾರುವಿಕೆ. ಇದು ಪರದೆಯನ್ನೇ ಚಿತ್ರಿಸಿಕೊಂಡ ಸ್ಕ್ರೀನ್ ರೆಕಾರ್ಡಿಂಗ್. ಇಂತಹ ಪ್ರತಿಗಳಲ್ಲಿ ಕೆಲವನ್ನು ಮೇಲೆ ಕೆಳಗೆ ಕತ್ತರಿಸಿ ಈ ಗುರುತುಗಳನ್ನು ಮರೆಸಿರುತ್ತಾರೆ. ಆಗ ಚೌಕಟ್ಟಿನ ಪ್ರಮಾಣವನ್ನು ಪರೀಕ್ಷಿಸಬೇಕು. ರೀಲು ಸಾಮಾನ್ಯವಾಗಿ 9:16ರ ಪ್ರಮಾಣದಲ್ಲಿರುತ್ತದೆ, ಇಂದಿನ ಫೋನುಗಳ ಪರದೆಯಾದರೋ ಅದಕ್ಕಿಂತ ನೀಳವಾಗಿ ಅನೇಕ ವೇಳೆ 9:20ರಷ್ಟು ಇರುತ್ತದೆ. ವಾಟ್ಸಾಪು ದೃಶ್ಯವನ್ನು ಕುಗ್ಗಿಸಿ ಕಳಿಸುವುದರಿಂದ ಅಗಲ ಎತ್ತರಗಳ ಅಂಕಿಗಳು ಬದಲಾದರೂ, ಅವೆರಡರ ಪ್ರಮಾಣ ಬದಲಾಗುವುದಿಲ್ಲ. ಕಡತದ ವಿವರಗಳಲ್ಲಿ ಅಗಲ ಎತ್ತರಗಳನ್ನು ನೋಡಿ ಭಾಗಿಸಿದರೆ ಸುಳಿವು ಸಿಕ್ಕುತ್ತದೆ. ಕಡತದ ಹೆಸರನ್ನಾಗಲಿ ದಿನಾಂಕವನ್ನಾಗಲಿ ಮಾತ್ರ ನೆಚ್ಚಬಾರದು. VID ಎಂದು ಆರಂಭವಾಗಿ ನಡುವೆ ದಿನಾಂಕವೂ WA ಎಂಬ ಅಕ್ಷರಗಳೂ ಬರುವ ಹೆಸರು ವಾಟ್ಸಾಪು ತಾನೇ ಇಟ್ಟದ್ದು. ಆ ದಿನಾಂಕವು ನಮ್ಮ ಫೋನಿನ ವ್ಯವಹಾರವನ್ನು ಹೇಳುತ್ತದೆಯೇ ವಿನಾ ದೃಶ್ಯದ ಜಾತಕವನ್ನಲ್ಲ.

ಮೂರನೆಯದನ್ನು ನೋಡಿ ಅತ್ತಿಗೆಯವರಿಗೆ ಹೆಚ್ಚು ಬೇಸರವಾದದ್ದು ಸಹಜ. ಅದರಲ್ಲಿ ಮುದ್ರೆಯೂ ಇರಲಿಲ್ಲ, ಗುಂಡಿಗಳ ಛಾಯೆಯೂ ಇರಲಿಲ್ಲ. ಅವರು ಪ್ರಕಟಿಸಿದ ದಿನ ಹೇಗಿತ್ತೋ ಹಾಗೆಯೇ ಶುದ್ಧವಾಗಿತ್ತು, ಅವರ ಹೆಸರೊಂದನ್ನು ಬಿಟ್ಟು. ಇದು ರೀಲಿನ ಲಿಂಕನ್ನು ಅಂಟಿಸಿದರೆ ದೃಶ್ಯವನ್ನು ತೆಗೆದುಕೊಡುವ ಯಾವುದೋ ಮೂರನೆಯವರ ತಾಣದ ಮೂಲಕ ಬಂದದ್ದು. ಇದು ಹೇಗೆ ಸಾಧ್ಯವೆಂದರೆ, ದೃಶ್ಯವನ್ನು ಯಾವುದೇ ಫೋನಿನಲ್ಲಿ ತೋರಿಸಬೇಕಾದರೆ ಅದರ ದತ್ತಾಂಶವು ಆ ಫೋನಿಗೆ ಬಂದೇ ತೀರಬೇಕು. ಬರಬೇಕಾದರೆ ಅದು ಇರುವ ಸರ್ವರಿನ ವಿಳಾಸವನ್ನು ಆಪಿಗೋ ಬ್ರೌಸರಿಗೋ ತಿಳಿಸಲೇಬೇಕು. ಆ ತಾಣಗಳು ಮಾಡುವುದಿಷ್ಟೆ: ನೋಡುಗನಂತೆ ನಟಿಸಿ, ಆ ವಿಳಾಸವನ್ನು ಪಡೆದು, ದೃಶ್ಯವನ್ನು ತೋರಿಸುವ ಬದಲು ಕಡತವನ್ನಾಗಿ ನಮ್ಮ ಕೈಗಿಡುತ್ತವೆ. ಮುದ್ರೆ ಬೀಳುವುದು Download ಗುಂಡಿಯ ದಾರಿಯಲ್ಲಿ ಮಾತ್ರವಾದುದರಿಂದ, ಹೀಗೆ ಬಂದ ಪ್ರತಿ ಮುದ್ರಾರಹಿತವಾಗಿಯೇ ಇರುತ್ತದೆ. ಟಿಕ್‌ಟಾಕಿನಲ್ಲಿಯೂ ನೋಡಲು ಕೊಡುವ ವಿಳಾಸವೊಂದು, ಇಳಿಸಿಕೊಳ್ಳಲು ಕೊಡುವ ವಿಳಾಸ ಬೇರೊಂದು. ಮೊದಲನೆಯದರಲ್ಲಿ ಚಿಹ್ನೆಯಿರುವುದಿಲ್ಲ, ಎರಡನೆಯದರಲ್ಲಿ ಇರುತ್ತದೆ. ಮುದ್ರೆಯನ್ನು ಅಳಿಸಿಕೊಡುತ್ತೇವೆಂದು ಸಾರುವ ತಾಣಗಳಲ್ಲಿ ಹಲವು ವಸ್ತುತಃ ಏನನ್ನೂ ಅಳಿಸುವುದಿಲ್ಲ. ಇಲ್ಲದ ಕಡೆಯಿಂದ ತರುತ್ತವೆ, ಅಷ್ಟೇ.

ಈ ತಾಣಗಳ ಬಗೆಗೆ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಸಾರ್ವಜನಿಕ ರೀಲನ್ನು ತರಲು ಅವಕ್ಕೆ ಲಿಂಕಿನ ಹೊರತು ಮತ್ತೇನೂ ಬೇಕಾಗದು. ಅಂತಿರುವಲ್ಲಿ ನಮ್ಮ ಇನ್‌ಸ್ಟಾಗ್ರಾಮಿನ ಪಾಸ್‌ವರ್ಡನ್ನು ಕೇಳುವ ತಾಣವು ದೃಶ್ಯವನ್ನು ತರಲು ಬಂದದ್ದಲ್ಲ, ಖಾತೆಯನ್ನು ಒಯ್ಯಲು ಬಂದದ್ದು. ಇದೇ ರೀತಿ, ಆಂಡ್ರಾಯ್ಡ್ 10ರಿಂದ ಈಚಿನ ಫೋನುಗಳಲ್ಲಿ ಒಂದು ಆಪು ತಾನು ತಂದ ದೃಶ್ಯವನ್ನು ಗ್ಯಾಲರಿಗೆ ಸೇರಿಸಲು ನಮ್ಮ ಫೋನಿನ ಸಂಗ್ರಹವನ್ನೆಲ್ಲ ತೆರೆದಿಡುವ ಅನುಮತಿ ಬೇಕಾಗಿಲ್ಲ. ಐಫೋನಿನಲ್ಲಿಯೂ ಇರುವ ಚಿತ್ರಗಳನ್ನು ನೋಡಲು ಬಿಡದೆ ಹೊಸದನ್ನು ಸೇರಿಸಲು ಮಾತ್ರ ಬಿಡುವ ಅನುಮತಿ ಪ್ರತ್ಯೇಕವಾಗಿದೆ. ವಿಡಿಯೊ ಇಳಿಸುವೆನೆಂದು ಹೇಳಿಕೊಳ್ಳುವ ಆಪೊಂದು ಸಂಪರ್ಕಸಂಖ್ಯೆಗಳನ್ನೂ ಎಸ್ಸೆಮ್ಮೆಸ್ಸುಗಳನ್ನೂ ಓದಲು ಅನುಮತಿ ಬೇಡಿದರೆ, ಅದರ ಉದ್ದೇಶ ಬೇರೆಯೇ ಎಂದು ತಿಳಿದು ಅಲ್ಲಿಯೇ ಕೈಬಿಡತಕ್ಕದ್ದು.

ಅತ್ತಿಗೆಯವರ ರೀಲಿನ ನಾಲ್ಕನೆಯ ಪ್ರತಿಯೊಂದಿತ್ತು; ಅದರಲ್ಲಿ ಕೆಳಗಿನ ಸಾಮಗ್ರಿಗಳ ಅಕ್ಷರಗಳ ಅರ್ಧಭಾಗ ಕತ್ತರಿಸಿಹೋಗಿತ್ತು. ‘ಸೂಜಿಮೆಣಸು’ ಎಂಬುದರ ತಲೆಕಟ್ಟುಗಳು ಮಾತ್ರ ಉಳಿದಿದ್ದುವು. ಮುದ್ರೆಯಿದ್ದ ಅಂಚನ್ನು ಯಾರೋ ಬುದ್ಧಿಪೂರ್ವಕವಾಗಿ ಕೊಯ್ದು, ಉಳಿದದ್ದನ್ನು ಹಿಗ್ಗಿಸಿ ಚೌಕಟ್ಟನ್ನು ತುಂಬಿಸಿದ್ದರು. ಹಿಗ್ಗಿಸಿದುದರಿಂದಲೇ ಒಗ್ಗರಣೆಯ ಸಾಸಿವೆಗಳು ಮಸುಕಾಗಿ ಹರಡಿಕೊಂಡಿದ್ದುವು. ಉಳಿದ ಮೂರು ಪ್ರತಿಗಳಿಗೂ ಇದಕ್ಕೂ ಒಂದು ಮಹತ್ತ್ವದ ಭೇದವಿದೆ. ಮೊದಲನೆಯದು ಅನುಮತಿಯಿಂದ ಬಂದದ್ದು, ಎರಡನೆಯದು ಮೂರನೆಯದು ಅನುಮತಿಯನ್ನು ಬದಿಗಿಟ್ಟು ಹೋದುವು. ನಾಲ್ಕನೆಯದು ಹೆಸರನ್ನು ಕಂಡೂ ಕಂಡೂ ಕಿತ್ತೆಸೆದದ್ದು.

ಈ ಭೇದವನ್ನು ನಮ್ಮ ಕಾನೂನೂ ಗುರುತಿಸುತ್ತದೆ. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣವು ಖಾಸಗಿಯಾದ ಸ್ವಂತ ಉಪಯೋಗಕ್ಕಾಗಿ ಕೃತಿಯನ್ನು ನ್ಯಾಯವಾಗಿ ಬಳಸಿಕೊಳ್ಳುವುದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಅಡುಗೆಮನೆಯಲ್ಲಿ ಇಂಟರ್ನೆಟ್ಟು ಸಿಕ್ಕದೆಂದು ಒಬ್ಬಾಕೆ ಅಪ್ಪೆಹುಳಿಯ ದೃಶ್ಯವನ್ನು ಫೋನಿನಲ್ಲಿಟ್ಟುಕೊಂಡರೆ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಲಾರರು, ಆದರೆ ಅದನ್ನೇ ತನ್ನ ಪುಟದಲ್ಲಿ ತನ್ನದೆಂಬಂತೆ ಪ್ರಕಟಿಸಿದರೆ ಆ ಆಶ್ರಯ ತಪ್ಪುತ್ತದೆ. 57ನೆಯ ಪ್ರಕರಣವು ಕೃತಿಯ ಕರ್ತೃತ್ವವನ್ನು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು, ಕೃತಿಸ್ವಾಮ್ಯವನ್ನು ಮಾರಿದ ಮೇಲೂ ಕರ್ತೃವಿಗೆ ಉಳಿಸಿಕೊಟ್ಟಿದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಬಿ ಎಂಬ ಪ್ರಕರಣವಂತೂ, ಕೃತಿ ಯಾರದು ಎಂಬುದನ್ನು ತಿಳಿಸುವ ಮಾಹಿತಿಯನ್ನು ಅಧಿಕಾರವಿಲ್ಲದೆ ಬೇಕೆಂದೇ ತೆಗೆದುಹಾಕುವುದನ್ನೂ ಬದಲಿಸುವುದನ್ನೂ, ಎರಡು ವರ್ಷಗಳವರೆಗಿನ ಕಾರಾಗೃಹವಾಸಕ್ಕೂ ದಂಡಕ್ಕೂ ಗುರಿಮಾಡುವ ಅಪರಾಧವೆಂದು ವಿಧಿಸುತ್ತದೆ. ರೀಲಿನ ಅಂಚಿನಲ್ಲಿ ಬೀಳುವ ಖಾತೆಯ ಹೆಸರು ಈ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂಬುದನ್ನು ಆಯಾ ಮೊಕದ್ದಮೆಯಲ್ಲಿ ನ್ಯಾಯಾಧೀಶರೇ ನಿರ್ಣಯಿಸಬೇಕು. ಬರಬೇಕೆಂಬುದು ನನ್ನ ಅಭಿಮತ, ಏಕೆಂದರೆ ಕಿರುದೃಶ್ಯಗಳ ಲೋಕದಲ್ಲಿ ಕರ್ತೃವಿನ ಹೆಸರುಪುಟವೆಂಬುದು ಬೇರೆ ಇರುವುದೇ ಇಲ್ಲ.

ಹಾಗಾದರೆ ಸಂಸ್ಥೆಗಳು ಕಳ್ಳದಾರಿಗಳನ್ನೆಲ್ಲ ಏಕೆ ಮುಚ್ಚಬಾರದು ಎಂಬ ಪ್ರಶ್ನೆ ಏಳುತ್ತದೆ. ಸ್ವಲ್ಪಮಟ್ಟಿಗೆ ಮುಚ್ಚಬಹುದು. ಹಣ ಕೊಟ್ಟು ನೋಡುವ ಚಲನಚಿತ್ರಗಳ ಆಪುಗಳಲ್ಲಿ ದೃಶ್ಯವು ಗೂಢಲಿಪಿಯಲ್ಲಿ ಬರುತ್ತದೆ, ಪರದೆಯನ್ನು ಚಿತ್ರಿಸಿಕೊಳ್ಳಲು ಹೊರಟರೆ ಕಪ್ಪು ಚೌಕವೇ ಸಿಕ್ಕುತ್ತದೆ. ಬ್ಯಾಂಕಿನ ಆಪುಗಳು ಪರದೆಯ ಚಿತ್ರವನ್ನು ತೆಗೆಯಲು ಬಿಡದಿರುವುದು ಎಲ್ಲರಿಗೂ ಅನುಭವವೇ. ಟೆಲಿಗ್ರಾಮ್ ಸಹ 2021ರ ಡಿಸೆಂಬರಿನಿಂದ, ಗುಂಪಿನ ಅಥವಾ ಚಾನಲಿನ ಒಡೆಯರು ಬಯಸಿದರೆ ಅಲ್ಲಿನ ಸಾಮಗ್ರಿಯನ್ನು ಮುಂದೆ ಕಳಿಸದಂತೆಯೂ ಉಳಿಸಿಕೊಳ್ಳದಂತೆಯೂ ತಡೆಯುವ ಏರ್ಪಾಡನ್ನು ಕೊಟ್ಟಿದೆ. ಯೂಟ್ಯೂಬಿನ ದಾರಿ ಇನ್ನೊಂದು: 2014ರ ಡಿಸೆಂಬರಿನಲ್ಲಿ ಅದು ಭಾರತದಲ್ಲಿ ಆಫ್‌ಲೈನ್ ಸೌಲಭ್ಯವನ್ನು ತಂದಾಗ, ಇಳಿಸಿಕೊಂಡ ದೃಶ್ಯವು 48 ಗಂಟೆಗಳವರೆಗೆ ಆಪಿನೊಳಗೆ ಮಾತ್ರ ನೋಡಲು ಸಿಕ್ಕುತ್ತಿತ್ತೇ ಹೊರತು ಗ್ಯಾಲರಿಗೆ ಬರುತ್ತಿರಲಿಲ್ಲ, ಇಂದಿಗೂ ಅದರ Download ಗುಂಡಿಯಿಂದ ಇಳಿದದ್ದು ಆ ಆಪಿನ ಹೊರಗೆ ಕಾಣಸಿಗದು. ಆದರೆ ರೀಲುಗಳ ಜೀವಾಳವಿರುವುದೇ ಹರಡುವಿಕೆಯಲ್ಲಿ. ಸಿನಿಮಾದಂತೆ ಅವುಗಳಿಗೆ ಬೀಗಮುದ್ರೆ ಹಾಕಿದರೆ ನಷ್ಟವಾಗುವುದು ಸಂಸ್ಥೆಗೇ. ಅಲ್ಲದೆ, ಯಾವ ಬೀಗ ಹಾಕಿದರೂ ಒಂದು ಫೋನಿನ ಪರದೆಯನ್ನು ಮತ್ತೊಂದು ಫೋನಿನ ಕ್ಯಾಮರಾದಿಂದ ಹಿಡಿಯುವವರನ್ನು ತಡೆಯುವ ಉಪಾಯ ಯಾರಲ್ಲಿಯೂ ಇಲ್ಲ. ವಾಟ್ಸಾಪ್ ಸ್ಟೇಟಸ್ಸಿನ ಕಥೆಯೂ ಇಷ್ಟೇ: ಅದರಲ್ಲಿ ಪರರ ಸ್ಟೇಟಸ್ಸನ್ನು ಇಳಿಸಿಕೊಳ್ಳುವ ಗುಂಡಿಯಿಲ್ಲ, ಆದರೂ ಆಂಡ್ರಾಯ್ಡ್ ಫೋನುಗಳಲ್ಲಿ, ನಾವು ನೋಡಿದ ಸ್ಟೇಟಸ್ಸುಗಳು .Statuses ಎಂಬ ಮರೆಯ ಫೋಲ್ಡರಿನಲ್ಲಿ ಅವುಗಳ ಅವಧಿ ಮುಗಿಯುವವರೆಗೂ ಕುಳಿತಿರುವುದನ್ನು ಬಲ್ಲವರು ಬಲ್ಲರು.

ಈ ಎಲ್ಲ ಹಿನ್ನೆಲೆಯಲ್ಲಿ, ಸ್ವಿಚ್ಚನ್ನು ಆರಿಸುವುದೊಳ್ಳೆಯದೋ ಹೊತ್ತಿಸಿಡುವುದೊಳ್ಳೆಯದೋ ಎಂದು ಅತ್ತಿಗೆಯವರು ಕೇಳಿದ್ದಕ್ಕೆ ನಾನು ಕೊಟ್ಟ ಸಲಹೆ ಅವರಿಗೆ ಮೊದಲು ರುಚಿಸಲಿಲ್ಲ. ಅಡುಗೆಯ ರೀಲಿಗೆ ಅನುಮತಿಯನ್ನು ಮತ್ತೆ ಕೊಡಿರಿ ಎಂದೆ. ಇಳಿಸಿಕೊಳ್ಳಲೇಬೇಕೆಂದು ಹೊರಟವರಿಗೆ ಗುಂಡಿ ಸಿಕ್ಕದಿದ್ದರೆ ಅವರು ಹಿಂದಿರುಗುವುದಿಲ್ಲ, ತಾಣಗಳತ್ತ ತಿರುಗುತ್ತಾರೆ. ಗುಂಡಿಯಿಂದ ಇಳಿದ ಪ್ರತಿಯಲ್ಲಿ ನಿಮ್ಮ ಹೆಸರಾದರೂ ಇರುತ್ತದೆ, ತಾಣದಿಂದ ಇಳಿದುದರಲ್ಲಿ ಅದೂ ಇರುವುದಿಲ್ಲ. ಅನುಮತಿಯನ್ನು ಮುಚ್ಚಿದಷ್ಟೂ ಹೆಸರಿಲ್ಲದ ಪ್ರತಿಗಳ ಪಾಲು ಹೆಚ್ಚುತ್ತದೆಂಬುದು ಈ ವ್ಯವಸ್ಥೆಯ ಒಂದು ವೈಪರೀತ್ಯ. ಆದರೆ ಮೊಮ್ಮಗಳು ಅಂಗಳದಲ್ಲಿ ಕುಣಿದ ರೀಲಿನ ವಿಷಯ ಬೇರೆ. ಅಲ್ಲಿ ಹೆಸರಿನ ಪ್ರಶ್ನೆಯೇ ಇಲ್ಲ, ಪ್ರತಿಯೇ ಬೇಡ. ಅಂತಹದಕ್ಕೆ ಸ್ವಿಚ್ಚನ್ನು ಆರಿಸಿದರೆ ಸಾಲದು. ಖಾತೆಯನ್ನೇ ಖಾಸಗಿಯಾಗಿಸಿ ಪರಿಚಿತರಿಗೆ ಮಾತ್ರ ತೋರಿಸಬೇಕು, ಅಥವಾ ಹಾಕದಿರಬೇಕು. ಖಾಸಗಿ ಖಾತೆಯ ರೀಲಿಗೆ ಇಳಿಸಿಕೊಳ್ಳುವ ಗುಂಡಿ ಇರುವುದೇ ಇಲ್ಲ, ಹೊರಗಿನವರ ತಾಣಗಳಿಗೆ ಅದರ ವಿಳಾಸವೂ ಸುಲಭವಾಗಿ ದೊರೆಯದು. ಸ್ಕ್ರೀನ್ ರೆಕಾರ್ಡಿಂಗಿನ ಸಾಧ್ಯತೆಯೊಂದು ಉಳಿಯುತ್ತದೆ, ಅದು ಒಳಗೆ ಬಿಟ್ಟುಕೊಂಡವರ ಮೇಲಿನ ನಂಬಿಕೆಗೆ ಬಿಟ್ಟ ವಿಷಯ.

ಸಂಸ್ಥೆಯ ಮುದ್ರೆಯನ್ನು ನಂಬಿ ಕುಳಿತುಕೊಳ್ಳುವುದಕ್ಕಿಂತ ತಮ್ಮ ಗುರುತನ್ನು ತಾವೇ ದೃಶ್ಯದೊಳಗೆ ಇರಿಸುವುದು ಹೆಚ್ಚು ಫಲಕಾರಿ. ಹಾಗೆ ಇರಿಸುವಾಗ ಮೂಲೆಯನ್ನು ಆರಿಸಬಾರದು; ಮೂಲೆಯನ್ನು ಕೊಯ್ಯುವುದು ನಿಮಿಷದ ಕೆಲಸ. ಪಾತ್ರೆ ಇರುವೆಡೆಯ ಸಮೀಪದಲ್ಲಿ, ಕೊಯ್ದರೆ ದೃಶ್ಯವೇ ಕೆಡುವ ಜಾಗದಲ್ಲಿ, ಓದುವಷ್ಟು ಸ್ಪಷ್ಟವಾಗಿ ಆದರೆ ಕಣ್ಣಿಗೆ ಅಡ್ಡಬಾರದಷ್ಟು ತೆಳುವಾಗಿ ಹೆಸರನ್ನು ಬರೆಯಬೇಕು. ಇನ್ನೂ ಲೇಸಾದುದು ದನಿಯಲ್ಲಿಯೇ ಹೆಸರನ್ನು ಸೇರಿಸುವುದು. ಮಾತನ್ನು ಅಳಿಸಿದರೆ ಅಡುಗೆಯ ವಿವರಣೆಯೂ ಹೋಗುವುದರಿಂದ, ದನಿಯೊಳಗಿನ ಹೆಸರನ್ನು ತೆಗೆಯುವ ಗೊಡವೆಗೆ ಹೋಗುವವರು ಅಪರೂಪ. ಆಪಿನ ಭಂಡಾರದಿಂದ ಜನಪ್ರಿಯ ಹಾಡನ್ನು ಹಿನ್ನೆಲೆಗೆ ಹಾಕುವ ಅಭ್ಯಾಸವುಳ್ಳವರು ಇನ್ನೊಂದನ್ನು ಗಮನಿಸಬೇಕು: ಆ ಹಾಡಿನ ಹಕ್ಕು ಪರರದಾದುದರಿಂದ, ಅಂತಹ ರೀಲನ್ನು ಇಳಿಸಿಕೊಂಡಾಗ ಅನೇಕ ವೇಳೆ ಚಿತ್ರ ಬರುತ್ತದೆ, ದನಿ ಬರುವುದಿಲ್ಲ. ಸ್ವಂತ ದನಿಯಿರುವ ದೃಶ್ಯಕ್ಕೆ ಈ ಮೌನದ ಶಿಕ್ಷೆಯಿಲ್ಲ.

ಕಡೆಯದಾಗಿ ಸಾಕ್ಷ್ಯದ ವಿಷಯ. ಅತ್ತಿಗೆಯವರು ಪ್ರಕಟಿಸಿದ ಬಳಿಕ ಮೂಲದ ತುಣುಕುಗಳನ್ನು ಫೋನಿನಲ್ಲಿ ಜಾಗ ಸಾಲದೆಂದು ಅಳಿಸುವ ರೂಢಿಯವರು. ಅದನ್ನು ಬಿಡಿರೆಂದು ಒತ್ತಾಯಿಸಿದೆ. ಬೇರೆಯವರ ಪುಟದಲ್ಲಿ ನಮ್ಮ ದೃಶ್ಯ ಕಂಡಾಗ, ಆ ರೀಲಿನ ಮೂರು ಚುಕ್ಕೆಗಳನ್ನು ಒತ್ತಿ Report ಎಂಬಲ್ಲಿಂದ ಬೌದ್ಧಿಕ ಆಸ್ತಿಯ ಉಲ್ಲಂಘನೆಯನ್ನು ಆರಿಸಿ ದೂರನ್ನು ಸಲ್ಲಿಸಬೇಕು. ಮೂಲ ರೀಲಿನ ಲಿಂಕನ್ನೂ ನಕಲಿನ ಲಿಂಕನ್ನೂ ಅಲ್ಲಿ ಕೊಡಬೇಕಾಗುತ್ತದೆ, ಹಕ್ಕುದಾರರೇ ಕೊಡಬೇಕು, ಅಭಿಮಾನಿಗಳು ಕೊಟ್ಟರೆ ನಡೆಯದು. ಮೂಲದ ಪ್ರಕಟಣೆಯ ದಿನಾಂಕ ನಕಲಿಗಿಂತ ಹಿಂದಿನದೆಂಬುದು ಅಲ್ಲಿಯೇ ಕಾಣುವುದರಿಂದ ಅನೇಕ ವೇಳೆ ಅಷ್ಟೇ ಸಾಕಾಗುತ್ತದೆ. ಎದುರಾಳಿ ಪ್ರತಿವಾದ ಹೂಡಿದಾಗ ಮಾತ್ರ, ಕತ್ತರಿಸದ, ಮುದ್ರೆಯಿಲ್ಲದ, ಪ್ರಕಟವಾದುದಕ್ಕಿಂತ ಉದ್ದವಾದ ಮೂಲದ ಚಿತ್ರಣವು ಕೆಲಸಕ್ಕೆ ಬರುತ್ತದೆ, ಏಕೆಂದರೆ ರೀಲಿನಲ್ಲಿ ಬಾರದ ಭಾಗವನ್ನು ನಕಲು ಮಾಡಿದವರು ತೋರಿಸಲಾರರು. ವಾಟ್ಸಾಪಿನ ಗುಂಪುಗಳೊಳಗೆ ತಿರುಗುವ ಪ್ರತಿಗಳ ಮೇಲೆ ಇಂತಹ ದೂರಿಗೆ ಅವಕಾಶವೇ ವಿರಳ. ಕಳಿಸಿದವರು ಪರಿಚಿತರಾಗಿದ್ದರೆ ಅವರಿಗೆ ಮೂಲದ ಲಿಂಕನ್ನು ಕಳಿಸಿ, ಮುಂದಿನ ಸಲ ಇದನ್ನೇ ಹಂಚಿರೆಂದು ಕೇಳಿಕೊಳ್ಳುವುದು ಇರುವ ಉಪಾಯ. ಅಪ್ಪೆಹುಳಿಯ ಮೂರನೆಯ ಪ್ರತಿಯನ್ನು ಗುಂಪಿಗೆ ಹಾಕಿದ್ದವರು ಅತ್ತಿಗೆಯವರ ತವರಿನ ಕಡೆಯ ಒಬ್ಬ ದೊಡ್ಡಮ್ಮನವರೇ ಎಂದು ಆಮೇಲೆ ಗೊತ್ತಾಯಿತು. ಅದು ಯಾರ ರೀಲೆಂಬುದು ಅವರಿಗೆ ತಿಳಿದಿರಲಿಲ್ಲ, ಒಗ್ಗರಣೆಗೆ ಕೊಬ್ಬರಿ ಎಣ್ಣೆ ಹಾಕಬೇಕಾಗಿತ್ತೆಂಬ ಆಕ್ಷೇಪವನ್ನು ಮಾತ್ರ ಕೆಳಗೆ ಬರೆದಿದ್ದರು.